ಅರವತ್ತಕ್ಕೆ ತಂದು ನೂರಿಪ್ಪತ್ತಕ್ಕೆ ಮಾರುವ ಲೆಕ್ಕ

ತುಮಕೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಒಬ್ಬರು ಕಳೆದ ವರ್ಷ ನನ್ನ ಮುಂದೆ ಒಂದು ಇನ್ನೂರು ಪುಟದ ನೋಟ್‌ಬುಕ್ ತೆರೆದಿಟ್ಟರು. ನಾನು ಸಣ್ಣ ವ್ಯಾಪಾರಸ್ಥರ ಲೆಕ್ಕಪತ್ರ ನೋಡಿಕೊಳ್ಳುವವನು. ಪುಟದ ಮಧ್ಯದಲ್ಲಿ ಒಂದೇ ಸಾಲು, ಅದರ ಕೆಳಗೆ ಎರಡು ಗೀಟು: ‘60 × 2 = 120’. ‘ಸರ್, ಅರವತ್ತು ರೂಪಾಯಿಗೆ ಒಂದು ಬಾಟಲಿ ಮಾಡಿ ಕೊಡ್ತಾರಂತೆ. ಡಬಲ್‌ಗೆ ಮಾರ್ತೀನಿ. ಸಾವಿರ ಬಾಟಲಿಗೆ ಅರವತ್ತು ಸಾವಿರ ಉಳಿಯುತ್ತೆ ಅಲ್ವಾ?’ ಅಂದರು.

ಅವರ ಅಜ್ಜಿಯ ಎಣ್ಣೆ ಅದು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಚೂರು ಹರಳೆಣ್ಣೆ. ಅದರಲ್ಲಿ ಗರಗದ ಸೊಪ್ಪು, ದಾಸವಾಳ, ಮೆಂತ್ಯ, ಕರಿಬೇವು ಕುದಿಸಿ ಸೋಸಿದ್ದು. ಪಾರ್ಲರಿಗೆ ಬಂದವರು ತಲೆಗೆ ಹಚ್ಚಿಸಿಕೊಂಡು ‘ಮನೆಗೂ ಒಂದು ಬಾಟ್ಲಿ ಕೊಡ್ರೀ’ ಎಂದು ಕೇಳುತ್ತಿದ್ದರು. ಹಾಗೆ ಮನೆಯಲ್ಲಿ ಕಾಯಿಸಿ ಲೇಬಲ್ ಅಂಟಿಸಿ ಮಾರುವಂತಿಲ್ಲ. ತಲೆಗೆ ಹಚ್ಚುವ ಎಣ್ಣೆ ಸೌಂದರ್ಯವರ್ಧಕದ ಲೆಕ್ಕಕ್ಕೆ ಬರುತ್ತದೆ, ತಯಾರಿಕೆಗೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ಮಾಡಿಸಿ, ನಮ್ಮ ಹೆಸರಿನಲ್ಲಿ ಮಾರುವುದು ಸುಲಭದ ದಾರಿ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ‘ಥರ್ಡ್ ಪಾರ್ಟಿ’ ಅನ್ನುತ್ತಾರೆ. ಲೇಬಲ್ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಇರುತ್ತದೆ. ಮಾರುವವರು ಎಂದು ನಮ್ಮ ಹೆಸರಿರುತ್ತದೆ.

ಅವರ ‘ಡಬಲ್’ ಲೆಕ್ಕವನ್ನು ನಾನು ತಳ್ಳಿಹಾಕಲಿಲ್ಲ. ಪೆನ್ನು ತೆಗೆದುಕೊಂಡು ಅದೇ ಪುಟದ ಕೆಳಗೆ, ನೂರಿಪ್ಪತ್ತರಿಂದ ಹಿಂದಕ್ಕೆ ಬಂದೆ. ಗ್ರಾಹಕ ಅಂಗಡಿಯಲ್ಲಿ 120 ಕೊಡುತ್ತಾನೆ. ಅಂಗಡಿಯವನಿಗೆ ಎಂಆರ್‌ಪಿ ಮೇಲೆ ಶೇ 25 ಬೇಕು, ಅಂದರೆ 30 ರೂಪಾಯಿ. ಉಳಿದದ್ದು 90. ಅಂಗಡಿಗಳಿಗೆ ಮಾಲು ಮುಟ್ಟಿಸುವ ಡಿಸ್ಟ್ರಿಬ್ಯೂಟರ್‌ಗೆ ಶೇ 10, ಅಂದರೆ 12 ರೂಪಾಯಿ. ಉಳಿದದ್ದು 78. ಈ 78ರೊಳಗೆ ಶೇ 5 ಜಿಎಸ್‌ಟಿ ಸೇರಿಕೊಂಡಿದೆ. ಅದನ್ನು ತೆಗೆದರೆ 74 ರೂಪಾಯಿ 29 ಪೈಸೆ. ಹೊಸ ಮಾಲನ್ನು ಅಂಗಡಿಯವನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ‘ಸ್ಕೀಮ್ ಏನಿದೆ?’ ಅನ್ನುತ್ತಾನೆ. ಹತ್ತಕ್ಕೆ ಒಂದು ಫ್ರೀ ಎಂದರೆ ಹನ್ನೊಂದು ಬಾಟಲಿಗೆ ಹತ್ತರ ದುಡ್ಡು. ಬಾಟಲಿಗೆ ನಿಜಕ್ಕೂ ಕೈಗೆ ಬರುವುದು 67 ರೂಪಾಯಿ 53 ಪೈಸೆ.

ಖರ್ಚು ಅರವತ್ತೇ ಆಗಿದ್ದರೂ ಉಳಿಯುವುದು ಏಳೂವರೆ ರೂಪಾಯಿ. ಆದರೆ ಖರ್ಚು ಅರವತ್ತಲ್ಲ.

ಇಲ್ಲಿ ಒಂದು ಮಾತು. ‘ಶೇ 25 ಮಾರ್ಜಿನ್’ ಎಂದು ಅಂಗಡಿಯವನು ಅಂದಾಗ ಯಾವುದರ ಮೇಲೆ ಎಂದು ಅಲ್ಲೇ ಕೇಳಿ ಬರೆದುಕೊಳ್ಳಬೇಕು. ಎಂಆರ್‌ಪಿ ಮೇಲೆ ಶೇ 25 ಎಂದರೆ 120ರ ಬಾಟಲಿ ಅವನಿಗೆ 90ಕ್ಕೆ ಸಿಗಬೇಕು. ಅವನ ಖರೀದಿ ಬೆಲೆಯ ಮೇಲೆ ಶೇ 25 ಎಂದರೆ 96ಕ್ಕೆ ಕೊಟ್ಟರೆ ಸಾಕು, 96ರ ಕಾಲು ಭಾಗ 24 ಸೇರಿ 120 ಆಗುತ್ತದೆ. ಒಂದೇ ಮಾತಿನಲ್ಲಿ ಆರು ರೂಪಾಯಿ ವ್ಯತ್ಯಾಸ. ಇಡೀ ಬಾಟಲಿಯಲ್ಲಿ ಉಳಿಯುವುದೇ ಅಷ್ಟು ಎಂದಿರುವಾಗ ಇದು ಸಣ್ಣದಲ್ಲ.

ಇನ್ನು ಅರವತ್ತರ ಕಥೆ. ಕಾರ್ಖಾನೆಯ ಮೊದಲ ಕೊಟೇಶನ್ 62 ರೂಪಾಯಿ 50 ಪೈಸೆ ಇತ್ತಂತೆ. ಅದು ಅರವತ್ತಕ್ಕೆ ಇಳಿದದ್ದು ಚೌಕಾಸಿಯಿಂದಲ್ಲ, ಅಡುಗೆಮನೆಯ ತಕ್ಕಡಿಯಿಂದ. ಕಾರ್ಖಾನೆಯವರು ಎಣ್ಣೆಯ ದರವನ್ನು ಕಿಲೋ ಲೆಕ್ಕದಲ್ಲಿ ಹೇಳಿದ್ದರು, ಬಾಟಲಿ ಮಿಲಿ ಲೆಕ್ಕದ್ದು. ನೂರು ಮಿಲಿಗೆ ನೂರು ಗ್ರಾಂ ಎಂದೇ ಹಾಕಿದ್ದರು. ಈಕೆ ಖಾಲಿ ಬಾಟಲಿ ತೂಗಿ, ಅಳೆದ ಪಾತ್ರೆಯಲ್ಲಿ ನೂರು ಮಿಲಿ ಎಣ್ಣೆ ಹುಯ್ದು ಮತ್ತೆ ತೂಗಿದರು. 92 ಗ್ರಾಂ. ಎಣ್ಣೆ ನೀರಿಗಿಂತ ಹಗುರ, ನೀರಿನ ಮೇಲೆ ತೇಲುತ್ತದೆ ಎಂದು ಗೊತ್ತಿಲ್ಲದವರಾರು? ಆದರೆ ಕೊಟೇಶನ್ ಓದುವಾಗ ಅದು ನೆನಪಾಗುವುದು ಅಪರೂಪ. ಕಿಲೋಗೆ 330 ರೂಪಾಯಿಯಂತೆ ಆ 8 ಗ್ರಾಮಿಗೆ ಎರಡೂವರೆ ರೂಪಾಯಿಗಿಂತ ಹೆಚ್ಚು. ಸಾವಿರ ಬಾಟಲಿಗೆ ಎರಡೂವರೆ ಸಾವಿರ. ಫೋನ್ ಮಾಡಿ ಹೇಳಿದಾಗ ಅವರು ವಾದ ಮಾಡದೆ ತಿದ್ದಿದರು.

ಆಗಲೇ ನಾನು ಇನ್ನೊಂದು ಕೆಲಸ ಹೇಳಿದೆ: ಅರವತ್ತನ್ನು ಬಿಡಿಸಿ ಬರೆದುಕೊಡಿ ಎಂದು ಕೇಳಿ. ಬಹಳ ಕಾರ್ಖಾನೆಗಳು ‘ಎಲ್ಲಾ ಸೇರಿ ಇಷ್ಟು’ ಎನ್ನುವುದನ್ನೇ ಇಷ್ಟಪಡುತ್ತವೆ. ಇವರು ಸ್ವಲ್ಪ ಗೊಣಗಿ ಕಳಿಸಿಕೊಟ್ಟರು. ಸೋರಿಕೆ, ಪಾತ್ರೆಗೆ ಅಂಟುವುದು ಎಲ್ಲ ಸೇರಿ 94 ಗ್ರಾಂ ಎಣ್ಣೆಗೆ 31 ರೂಪಾಯಿ. ಬಾಟಲಿ, ಮುಚ್ಚಳ, ಒಳಗಿನ ಪ್ಲಗ್ ಸೇರಿ 9. ಹಿಂದೆ ಮುಂದೆ ಲೇಬಲ್‌ಗೆ ಎರಡೂವರೆ. ಮೇಲಿನ ರಟ್ಟಿನ ಪೆಟ್ಟಿಗೆಗೆ 5. ತುಂಬಿಸಿ, ಪ್ಯಾಕ್ ಮಾಡಿ, ಲ್ಯಾಬ್‌ನಲ್ಲಿ ಪರೀಕ್ಷಿಸುವುದಕ್ಕೆ 8. ಅವರ ಲಾಭ ನಾಲ್ಕೂವರೆ. ಒಟ್ಟು ಅರವತ್ತು. ನೋಡಿ, ಬಾಟಲಿಯ ಅರ್ಧ ಬೆಲೆ ಎಣ್ಣೆ, ಅದರಲ್ಲಿ ಹೆಚ್ಚಿನ ಪಾಲು ಕೊಬ್ಬರಿ ಎಣ್ಣೆ. ಹೀಗೆ ಬಿಡಿಸಿಟ್ಟುಕೊಂಡದ್ದು ಆಮೇಲೆ ಹೇಗೆ ಉಪಯೋಗಕ್ಕೆ ಬಂತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಕಾರ್ಖಾನೆಯಿಂದ ತುಮಕೂರಿಗೆ ಸಾಗಣೆ, ಹೊರಗಿನ ದೊಡ್ಡ ಪೆಟ್ಟಿಗೆ ಸೇರಿ ಬಾಟಲಿಗೆ ಎರಡು ರೂಪಾಯಿ. 62 ಆಯಿತು. ಸಾವಿರ ಬಾಟಲಿಗೆ 62,000. ಆದರೆ ಸಾವಿರವೂ ಮಾರಾಟಕ್ಕಿಲ್ಲ. ಹೊಸ ಎಣ್ಣೆಯ ವಾಸನೆ ನೋಡದೆ ಯಾರೂ ಕೊಳ್ಳುವುದಿಲ್ಲ, ನಲವತ್ತು ಬಾಟಲಿ ಸ್ಯಾಂಪಲ್‌ಗೆ ಹೋಗುತ್ತದೆ. ಎಣ್ಣೆ ಬಾಟಲಿ ಸೋರುವ ಜಾತಿ. ಬೇಸಿಗೆಯಲ್ಲಿ ಲಾರಿಯಲ್ಲಿ ಬಿಸಿಯಾಗಿ ಪ್ಲಗ್ ಸಡಿಲವಾದರೆ ಒಂದು ಬಾಟಲಿಯಿಂದ ಅಕ್ಕಪಕ್ಕದ ನಾಲ್ಕು ಪೆಟ್ಟಿಗೆಗಳ ರಟ್ಟು ಎಣ್ಣೆ ಕುಡಿಯುತ್ತದೆ. ಇಪ್ಪತ್ತು ಬಾಟಲಿ ಅದಕ್ಕೆ ಹಿಡಿಯೋಣ. ಉಳಿದ 940 ಬಾಟಲಿಗಳೇ 62,000ವನ್ನು ದುಡಿದುಕೊಡಬೇಕು. ಅಂದರೆ ಬಾಟಲಿಗೆ 66 ರೂಪಾಯಿ.

ಹಾಗಾಗಿ 120ರ ಎಂಆರ್‌ಪಿಯಲ್ಲಿ ಕೈಗೆ ಬರುವುದು 67 ರೂಪಾಯಿ 53 ಪೈಸೆ, ಖರ್ಚು 66. ಉಳಿತಾಯ ಒಂದೂವರೆ ರೂಪಾಯಿ. ಆಕೆ ಒಂದು ನಿಮಿಷ ಸುಮ್ಮನೆ ಕೂತಿದ್ದರು. ಆಮೇಲೆ, ‘ಡಿಸೈನ್ ಮಾಡಿಸಿದ್ದು ಎಂಟು ಸಾವಿರ ಕೊಟ್ಟಾಗಿದೆ ಸರ್’ ಅಂದರು.

ಆ ಎಂಟು ಸಾವಿರ, ಫೋಟೊ ತೆಗೆಸಿದ ಐದೂವರೆ ಸಾವಿರ, ಟ್ರೇಡ್‌ಮಾರ್ಕ್ ಅರ್ಜಿಯ ಸರ್ಕಾರಿ ಶುಲ್ಕ ನಾಲ್ಕೂವರೆ ಸಾವಿರ, ಒಟ್ಟು 18,000 ಒಂದು ಸಲದ ಖರ್ಚು. ಇದನ್ನೆಲ್ಲ ಮೊದಲ ಸಾವಿರ ಬಾಟಲಿಯ ತಲೆಗೆ ಕಟ್ಟಿದರೆ ಬೆಲೆ ಆಕಾಶಕ್ಕೆ ಹೋಗುತ್ತದೆ. ಲೆಕ್ಕಕ್ಕೇ ಹಿಡಿಯದಿದ್ದರೆ ಯಾವತ್ತೂ ವಾಪಸ್ ಬರುವುದಿಲ್ಲ. ಮೂರು ಬ್ಯಾಚಿಗೆ ಹಂಚಿದೆವು. ಬಾಟಲಿಗೆ ಆರು ರೂಪಾಯಿ ಚಿಲ್ಲರೆ. ಹೀಗೆ ಅರವತ್ತರ ಬಾಟಲಿ 72ಕ್ಕೆ ಬಂದು ನಿಂತಿತು.

ಎಂಆರ್‌ಪಿ ಎಷ್ಟಿಡಬೇಕು ಎನ್ನುವುದಕ್ಕೆ ಸೂತ್ರ ಹುಡುಕುವವರು ಬಹಳ. ಖರ್ಚಿನ ಮೂರು ಪಟ್ಟು, ನಾಲ್ಕು ಪಟ್ಟು ಎಂದೆಲ್ಲ ಹೇಳುತ್ತಾರೆ. ನನ್ನ ಅನುಭವದಲ್ಲಿ ಮೊದಲು ಅಂಗಡಿಯ ಶೆಲ್ಫ್ ಮುಂದೆ ಹೋಗಿ ನಿಲ್ಲಬೇಕು. ಎಂಆರ್‌ಪಿ ಜೊತೆಗೆ ಒಂದು ಮಿಲಿಗೆ ಎಷ್ಟು ಎಂದೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಇರುವುದರಿಂದ ಗ್ರಾಹಕರಿಗೂ ಹೋಲಿಸುವುದು ಸುಲಭ, ನಮಗೂ ಸುಲಭ. ಬರೀ ಕೊಬ್ಬರಿ ಎಣ್ಣೆಯ ದೊಡ್ಡ ಬ್ರ್ಯಾಂಡುಗಳ ಜೊತೆ ಬೆಲೆಗೆ ಬೆಲೆ ಕುಸ್ತಿ ಹಿಡಿಯುವುದು ಸಾವಿರ ಬಾಟಲಿಯವರಿಗೆ ಆಗದ ಮಾತು. ಗಿಡಮೂಲಿಕೆ ಎಣ್ಣೆಗಳ ಸಾಲಿನಲ್ಲಿ ಈಕೆಯ ಬಾಟಲಿಗೆ 199 ನಿಲ್ಲುತ್ತದೆ ಎಂದು ಕಂಡಿತು, ಪಾರ್ಲರಿನ ಹತ್ತಾರು ಗ್ರಾಹಕರನ್ನು ಕೇಳಿದಾಗಲೂ ಅಲ್ಲಿಗೇ ಬಂತು.

199ರಿಂದ ಅದೇ ಮೆಟ್ಟಿಲು ಇಳಿದರೆ: ಅಂಗಡಿಗೆ 49 ರೂಪಾಯಿ 75 ಪೈಸೆ, ಡಿಸ್ಟ್ರಿಬ್ಯೂಟರ್‌ಗೆ 19 ರೂಪಾಯಿ 90 ಪೈಸೆ, ಉಳಿದ ಸುಮಾರು 129ರಲ್ಲಿ ಜಿಎಸ್‌ಟಿ ತೆಗೆದು 123, ಸ್ಕೀಮ್ ಹೋಗಿ 112. ಖರ್ಚು 72. ಉಳಿಯುವುದು ನಲವತ್ತು. ಇದು ಬದುಕುವ ಲೆಕ್ಕ. ಎಂಬತ್ತು ರೂಪಾಯಿಯಷ್ಟೂ ಇಲ್ಲದ ಎಂಆರ್‌ಪಿ ಏರಿಕೆ ಉಳಿತಾಯವನ್ನು ಒಂದೂವರೆಯಿಂದ ನಲವತ್ತಕ್ಕೆ ಒಯ್ದಿತು, ಅದೂ ಒಂದು ಸಲದ ಖರ್ಚನ್ನು ಸೇರಿಸಿದ ಮೇಲೆ.

ಜಿಎಸ್‌ಟಿ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. 2025ರ ಸೆಪ್ಟೆಂಬರ್ 22ರವರೆಗೆ ಹೇರ್ ಆಯಿಲ್ ಮೇಲೆ ಶೇ 18 ಇತ್ತು, ಅಂದಿನಿಂದ ಶೇ 5. ಹಳೆಯ ಎಕ್ಸೆಲ್ ಹಾಳೆ ಯಾರಾದರೂ ಕೊಟ್ಟರೆ ಮೊದಲು ಆ ಅಂಕಿ ನೋಡಿ. 199ರೊಳಗಿನ ತೆರಿಗೆ ಆಗ ಮೂವತ್ತು ರೂಪಾಯಿ, ಈಗ ಒಂಬತ್ತೂವರೆ. ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಸಣ್ಣ ಬಾಟಲಿಯಲ್ಲಿದ್ದರೂ ಶುದ್ಧ ಕೊಬ್ಬರಿ ಎಣ್ಣೆ ತಿನ್ನುವ ಎಣ್ಣೆಯೇ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಪಾದದ್ದು ಈ ತೆರಿಗೆ ವ್ಯತ್ಯಾಸಕ್ಕಾಗಿಯೇ. ಒಂಬತ್ತು ತಿಂಗಳಲ್ಲಿ ಎರಡೂ ಶೇ 5ಕ್ಕೆ ಬಂದು ಕೂತವು.

ತೆರಿಗೆ ಇಳಿದದ್ದು ಒಳ್ಳೆಯದೇ. ಆದರೆ ಅದು ಆನ್‌ಲೈನ್ ಮಾರುವವರಿಗೆ ಒಂದು ಗಂಟು ಕಟ್ಟಿದೆ. ಈಕೆಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ‘ಅಂಗಡಿಯವನಿಗೆ ಯಾಕೆ ಐವತ್ತು ಕೊಡಬೇಕಮ್ಮ, ಇನ್‌ಸ್ಟಾದಲ್ಲಿ ಜಾಹೀರಾತು ಕೊಟ್ಟು ನೇರ ಮಾರೋಣ’ ಎಂದು ಹಟ ಹಿಡಿದಿದ್ದ. ಮಾತು ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದೆವು.

ಆನ್‌ಲೈನ್‌ನಲ್ಲಿ ಸ್ವಲ್ಪ ರಿಯಾಯಿತಿ ಕಾಣಲೇಬೇಕು, 179 ಎಂದಿಡೋಣ. ಜಿಎಸ್‌ಟಿ ಕಳೆದರೆ 170. ಬಾಟಲಿ 72, ಕೊರಿಯರ್ 55, ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಪೆಟ್ಟಿಗೆಗೆ ಹಾಕಲು 10, ಹಣ ಪಾವತಿಯ ಗೇಟ್‌ವೇಗೆ ಮೂರೂವರೆ, ಒಂದು ಆರ್ಡರ್ ತರಿಸಲು ಜಾಹೀರಾತಿಗೆ 70. ಇನ್ನೂ ಶುರು ಮಾಡುವ ಮೊದಲೇ ನಲವತ್ತು ರೂಪಾಯಿ ನಷ್ಟ. ನೂರು ಮಿಲಿಯ ಒಂದೇ ಬಾಟಲಿ ಕೊರಿಯರಿನ ಭಾರ ಹೊರಲಾರದು. ಅಂಗಡಿಯವನ ಐವತ್ತು ರೂಪಾಯಿ ಉಳಿಸಲು ಹೋಗಿ ಕೊರಿಯರಿನವನಿಗೂ ಜಾಹೀರಾತಿಗೂ ನೂರಿಪ್ಪತ್ತೈದು ಕೊಟ್ಟಂತಾಯಿತು.

ಹುಡುಗ ಚುರುಕು. ‘ಎರಡು ಬಾಟಲಿ ಕಾಂಬೊ 349ಕ್ಕೆ ಮಾಡಿದ್ರೆ?’ ಅಂದ. ಸರಿಯಾದ ಯೋಚನೆ. ಕೊರಿಯರಿನವರು ಅರ್ಧ ಕಿಲೋವರೆಗೆ ಒಂದೇ ದರ ಹಾಕುವುದರಿಂದ ಎರಡು ಬಾಟಲಿಗೂ ಅದೇ 55. ಜಾಹೀರಾತು ಅದೇ 70. ಜಿಎಸ್‌ಟಿ ಕಳೆದು ಬರುವುದು 332. ಬಾಟಲಿಗಳಿಗೆ 144, ಕೊರಿಯರ್ 55, ಗೇಟ್‌ವೇ 7, ಪ್ಯಾಕಿಂಗ್ 12, ಜಾಹೀರಾತು 70 ಕಳೆದರೆ 44 ಉಳಿಯುತ್ತದೆ. ಆದರೆ ಕ್ಯಾಶ್ ಆನ್ ಡೆಲಿವರಿ ಇಟ್ಟರೆ ನೂರರಲ್ಲಿ ಹದಿನೈದು ಪಾರ್ಸಲ್ ‘ಬೇಡ’ ಎಂದು ವಾಪಸ್ ಬರುತ್ತದೆ ಅಂದುಕೊಳ್ಳಿ. ಹೋಗುವ ಕೂಲಿ, ಬರುವ ಕೂಲಿ, ಆ ಆರ್ಡರ್ ತರಿಸಿದ ಜಾಹೀರಾತು, ಮೂರೂ ದಂಡ. ಆ ದಂಡವನ್ನು ನಿಜವಾಗಿ ತಲುಪಿದ 85 ಪಾರ್ಸಲ್‌ಗಳಿಗೆ ಹಂಚಿದರೆ ಒಂದೊಂದಕ್ಕೆ 32 ರೂಪಾಯಿ. ಉಳಿದದ್ದು ಹನ್ನೆರಡು.

ಗಂಟು ಇರುವುದು ಇನ್ನು ಮುಂದೆ. ಕೊರಿಯರ್, ಜಾಹೀರಾತು, ಗೇಟ್‌ವೇ ಇವೆಲ್ಲ ಸೇವೆಗಳು, ಅವುಗಳ ಬಿಲ್ ಮೇಲೆ ಶೇ 18 ಜಿಎಸ್‌ಟಿ. ಮೇಲಿನ ಕಾಂಬೊದಲ್ಲಿ ಅದೇ ಸುಮಾರು ಇಪ್ಪತ್ತೊಂಬತ್ತು ರೂಪಾಯಿ, ಕಾರ್ಖಾನೆಗೆ ಕೊಟ್ಟ ಶೇ 5 ಸೇರಿದರೆ ಮೂವತ್ತೈದು. ನಾವು ಗ್ರಾಹಕನಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕಾದದ್ದು ಹದಿನಾರೂವರೆ. ಕೊಟ್ಟದ್ದು ಹೆಚ್ಚು, ಕಟ್ಟಬೇಕಾದದ್ದು ಕಡಿಮೆ. ಮಿಕ್ಕ ಹತ್ತೊಂಬತ್ತು ರೂಪಾಯಿ ಪೋರ್ಟಲ್‌ನಲ್ಲಿ ‘ಕ್ರೆಡಿಟ್’ ಎಂದು ಕೂರುತ್ತದೆ. ಅದನ್ನು ನಗದಾಗಿ ವಾಪಸ್ ಕೇಳೋಣವೆಂದರೆ, ಕಚ್ಚಾ ಮಾಲಿನ ತೆರಿಗೆ ದರ ಹೆಚ್ಚಿದ್ದಾಗ ಸಿಗುವ ರೀಫಂಡ್ ಸೇವೆಗಳಿಗೆ ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿಯಮವನ್ನು ಎತ್ತಿಹಿಡಿದಿದೆ. ಕಾಗದದ ಮೇಲೆ ಹನ್ನೆರಡು ರೂಪಾಯಿ ಲಾಭ, ಬ್ಯಾಂಕ್ ಖಾತೆಯಲ್ಲಿ ಏಳು ರೂಪಾಯಿ ಕಡಿಮೆ. ‘ಸೇಲ್ಸ್ ಚೆನ್ನಾಗಿದೆ, ದುಡ್ಡು ಮಾತ್ರ ಕಾಣ್ತಿಲ್ಲ’ ಎನ್ನುವ ಎಷ್ಟೋ ಜನರ ರೋಗ ಇದೇ. ತಿಂಗಳಿಗೊಮ್ಮೆ ಪೋರ್ಟಲ್‌ನ ಕ್ರೆಡಿಟ್ ಬಾಕಿ ನೋಡಿ, ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಇದ್ದರೆ ರೋಗ ಹತ್ತಿದೆ ಎಂದು ಅರ್ಥ.

ಮದ್ದೂ ಇದೆ. ಅಂಗಡಿಗೆ ಮಾರಿದ ಬಾಟಲಿಯಲ್ಲಿ ಕಟ್ಟಬೇಕಾದ ಜಿಎಸ್‌ಟಿ ಕೊಟ್ಟದ್ದಕ್ಕಿಂತ ಹೆಚ್ಚಿರುತ್ತದೆ, ಬಾಟಲಿಗೆ ಎರಡೂವರೆ ರೂಪಾಯಿಯಷ್ಟು. ಅಲ್ಲಿ ಈ ಸಿಕ್ಕಿಬಿದ್ದ ಕ್ರೆಡಿಟ್ ಕರಗುತ್ತದೆ. ಅಂದರೆ ಆನ್‌ಲೈನ್‌ನ ಒಂದು ಕಾಂಬೊಗೆ ಎದುರಾಗಿ ಊರಿನಲ್ಲಿ ಏಳೆಂಟು ಬಾಟಲಿ ಮಾರಾಟವಾಗಬೇಕು. ಆನ್‌ಲೈನ್ ಒಂದು ಪಕ್ಕದ ಬಾಗಿಲಾಗಿ ಇರಲಿ, ಹೆಬ್ಬಾಗಿಲು ಬೇಡ ಎಂದು ತೀರ್ಮಾನವಾಯಿತು. ಮಗ ಮುಖ ಸಣ್ಣ ಮಾಡಿಕೊಂಡ, ಆದರೆ ಒಪ್ಪಿದ.

ಹೆಬ್ಬಾಗಿಲು ಯಾವುದು ಎನ್ನುವುದು ಈಕೆಯ ಬಾಯಿಂದಲೇ ಬಂತು. ‘ನಮ್ಮ ಪಾರ್ಲರ್‌ನಲ್ಲಿ ಹೋಗುತ್ತೆ ಅಂದ್ಮೇಲೆ ಬೇರೆ ಪಾರ್ಲರ್‌ನಲ್ಲೂ ಹೋಗಬೇಕಲ್ವಾ ಸರ್?’ ಸ್ವಂತ ಪಾರ್ಲರಿನಲ್ಲಿ ಮಾರಿದ ಬಾಟಲಿಗೆ 117 ರೂಪಾಯಿ ಉಳಿಯುತ್ತದೆ, ಆದರೆ ಅಲ್ಲಿ ತಿಂಗಳಿಗೆ ಐವತ್ತು ಅರವತ್ತು ಹೋದರೆ ಹೆಚ್ಚು. ಆ 117ನ್ನು ನೋಡಿಕೊಂಡು ಇಡೀ ವ್ಯಾಪಾರದ ಕನಸು ಕಟ್ಟುವುದು ಅಪಾಯ. ಬೇರೆ ಪಾರ್ಲರಿನವರು ಶೇ 40 ಕೇಳಿದರು. ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: 199ರಲ್ಲಿ ಶೇ 40 ಹೋದರೆ 119 ರೂಪಾಯಿ 40 ಪೈಸೆ, ಜಿಎಸ್‌ಟಿ ಕಳೆದರೆ 113 ರೂಪಾಯಿ 70 ಪೈಸೆ. ಅಂಗಡಿ, ಡಿಸ್ಟ್ರಿಬ್ಯೂಟರ್, ಸ್ಕೀಮ್ ಮೂವರನ್ನೂ ದಾಟಿ ಬರುವ 112ಕ್ಕಿಂತ ಇದು ಒಂದು ತೂಕ ಮೇಲೆಯೇ. ಮೇಲಾಗಿ ಅಂಗಡಿಯಲ್ಲಿ ನಲವತ್ತೈದು ದಿನ ಉದ್ರಿ, ಪಾರ್ಲರಿನಲ್ಲಿ ಹನ್ನೆರಡು ಬಾಟಲಿಯ ಪೆಟ್ಟಿಗೆ ಕೊಟ್ಟು ಕೈಯಲ್ಲಿ ದುಡ್ಡು. ಅಂಗಡಿಯ ಶೆಲ್ಫ್‌ನಲ್ಲಿ ಬಾಟಲಿ ಮೂಕವಾಗಿ ನಿಂತಿರುತ್ತದೆ; ಪಾರ್ಲರಿನಲ್ಲಿ ಅದನ್ನು ತಲೆಗೆ ತಿಕ್ಕುತ್ತಾ ಅರ್ಧ ಗಂಟೆ ಮಾತಾಡುವ ಹೆಂಗಸಿರುತ್ತಾಳೆ.

ದುಡ್ಡು ತಿರುಗುವ ವೇಗ ಯಾಕೆ ಮುಖ್ಯ ಎಂದರೆ, ಲಾಭ ಬಾಟಲಿ ಬಾಟಲಿಗೂ ಬರುವುದಿಲ್ಲ. ಕಾರ್ಖಾನೆಯವರು ಆರ್ಡರ್ ಜೊತೆ ಅರ್ಧ, ಮಾಲು ಹೊರಡುವ ಮೊದಲು ಅರ್ಧ ಕೇಳುತ್ತಾರೆ. ಸಾಗಣೆ, ಒಂದು ಸಲದ ಖರ್ಚು ಸೇರಿ ಮೊದಲ ಬಾಟಲಿ ಮಾರುವ ಮುಂಚೆ 80,000 ಕೈಬಿಟ್ಟಿರುತ್ತದೆ. ಬಾಟಲಿಗೆ 113ರಂತೆ ಅದು ವಾಪಸ್ ಬರಲು 700 ಬಾಟಲಿ ಮಾರಬೇಕು. ಅಸಲು ಲಾಭ ಇರುವುದು ಕೊನೆಯ ಇನ್ನೂರ ನಲವತ್ತು ಬಾಟಲಿಯಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಮುಂದಿನ ಬ್ಯಾಚಿನ ಮುಂಗಡ ಕಟ್ಟುವ ಹೊತ್ತಾಗಿರುತ್ತದೆ. ಅದಕ್ಕೇ ಮೊದಲ ವರ್ಷ ಮನೆಖರ್ಚಿಗೆ ಈ ಪೆಟ್ಟಿಗೆಯಿಂದ ತೆಗೆಯುವ ಯೋಚನೆ ಬೇಡ ಎಂದು ಆಕೆಗೆ ಖಡಕ್ಕಾಗಿ ಹೇಳಿದ್ದೆ.

ಇದೇ ಕಾರಣಕ್ಕೆ ಲೇಬಲ್ ವಿಷಯದಲ್ಲಿ ಅವರು ಎಡವದಂತೆ ತಡೆಯಬೇಕಾಯಿತು. ಪ್ರೆಸ್ಸಿನವರು ಸಾವಿರ ಲೇಬಲ್‌ಗೆ ಎರಡೂವರೆಯಂತೆ ಹೇಳಿ, ಐದು ಸಾವಿರ ತೆಗೆದುಕೊಂಡರೆ ಒಂದು ರೂಪಾಯಿ 40 ಪೈಸೆ ಅಂದಿದ್ದರು. ಅಗ್ಗ ಅನ್ನಿಸುತ್ತದೆ. ಆದರೆ ಲೇಬಲ್ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್ ಇದೆ. ನಾಳೆ ಕಾರ್ಖಾನೆ ಬದಲಿಸಿದರೆ ಉಳಿದ ನಾಲ್ಕು ಸಾವಿರ ರದ್ದಿ. ಬಾಟಲಿಗೆ ಒಂದು ರೂಪಾಯಿ ಉಳಿಸಲು ಹೋಗಿ ಕಾರ್ಖಾನೆಗೆ ಗಂಟು ಬಿದ್ದಂತೆ. ಇನ್ನೂ ಮುಖ್ಯವಾದದ್ದು, ಎಂಆರ್‌ಪಿಯನ್ನು ಲೇಬಲ್‌ನಲ್ಲೇ ಅಚ್ಚು ಹಾಕಿಸಬಾರದು. ಬ್ಯಾಚ್ ನಂಬರ್, ತಯಾರಾದ ತಿಂಗಳು, ಎಂಆರ್‌ಪಿ ಮೂರಕ್ಕೂ ಖಾಲಿ ಜಾಗ ಬಿಟ್ಟು, ಪ್ಯಾಕ್ ಮಾಡುವಾಗ ಇಂಕ್‌ಜೆಟ್‌ನಲ್ಲಿ ಹೊಡೆಸಬೇಕು. ಒಮ್ಮೆ ಮುದ್ರಿಸಿದ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ. ಬೆಲೆ ಇಳಿಸಲು ಸ್ಟಿಕರ್ ಹಚ್ಚಬಹುದು, ಏರಿಸಲು ಹಚ್ಚುವಂತಿಲ್ಲ.

ಬೆಲೆ ಏರಿಸುವ ದಿನ ಬಂದೇ ಬಂತು. ಕೊಬ್ಬರಿ ಹೇಗೆ ಕುಣಿಯುತ್ತದೆ ಎಂದು ತುಮಕೂರು ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. 2023ರಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರವೂ ಸಿಗದೆ ರೈತರು ಬೀದಿಗಿಳಿದಿದ್ದರು. 2025ರ ಮಧ್ಯದಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತ್ತು. ಈಕೆಯ ಎರಡನೇ ಬ್ಯಾಚಿನ ಹೊತ್ತಿಗೆ ಮಿಶ್ರಣದ ಎಣ್ಣೆ ಕಿಲೋಗೆ 330ರಿಂದ 420 ಆಯಿತು. ಕಾರ್ಖಾನೆಯಿಂದ ಫೋನು: ‘ಮೇಡಂ, ಎಲ್ಲಾ ಏರಿದೆ, ಈ ಸಲ 75 ಆಗುತ್ತೆ.’ ಆಗ ಆ ಬಿಡಿಸಿದ ಪಟ್ಟಿ ತೆಗೆದೆವು. 94 ಗ್ರಾಮಿಗೆ ಏರಿದ್ದು ಎಂಟೂವರೆ ರೂಪಾಯಿ. ಬಾಟಲಿ, ಮುಚ್ಚಳ, ರಟ್ಟು, ಕೂಲಿ ಹಾಗೇ ಇವೆ. 68 ರೂಪಾಯಿ 50 ಪೈಸೆಗಿಂತ ಹೆಚ್ಚು ಹೇಗಾಗುತ್ತದೆ ಎಂದು ಕೇಳಿದರು. ಅತ್ತ ಕಡೆಯವರು ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ದಾರಿ ಹೇಳಿದರು: ‘ಸ್ವಲ್ಪ ಎಲ್‌ಎಲ್‌ಪಿ ಹಾಕಿದ್ರೆ ಹಳೇ ರೇಟ್‌ಗೇ ಕೊಡ್ತೀವಿ.’

ಎಲ್‌ಎಲ್‌ಪಿ ಎಂದರೆ ಲೈಟ್ ಲಿಕ್ವಿಡ್ ಪ್ಯಾರಾಫಿನ್, ಪೆಟ್ರೋಲಿಯಂನಿಂದ ಬರುವ ಬಣ್ಣ ವಾಸನೆ ಇಲ್ಲದ ಖನಿಜ ತೈಲ. ಅದನ್ನು ಹಾಕುವುದು ಕಾನೂನುಬಾಹಿರವಲ್ಲ, ಎಷ್ಟೋ ಹೆಸರಾಂತ ಎಣ್ಣೆಗಳಲ್ಲಿ ಇದೆ, ಲೇಬಲ್‌ನ ಪಟ್ಟಿಯಲ್ಲಿ ಬರೆಯಬೇಕು ಅಷ್ಟೆ. ಆದರೆ ಅಜ್ಜಿಯ ಎಣ್ಣೆ ಎಂದು ಹೇಳಿ ಮಾರುವಾಗ ಅದಕ್ಕೆ ಜಾಗವಿಲ್ಲ. ಇವರು ಕೇಳಿಯಾದರೂ ಹಾಕುತ್ತೇವೆ ಅಂದರು. ಹೇಳದೆ ಹಾಕುವವರೂ ಇದ್ದಾರೆ. ಮಾರುಕಟ್ಟೆ ಏರಿದಾಗಲೂ ಕಾರ್ಖಾನೆಯ ದರ ಏರದಿದ್ದರೆ ಸಂತೋಷಪಡುವ ಬದಲು ಬ್ಯಾಚಿನ ಲ್ಯಾಬ್ ವರದಿಯಲ್ಲಿ ಸೆಪಾನಿಫಿಕೇಶನ್ ವ್ಯಾಲ್ಯೂ ಎಂಬ ಅಂಕಿಯನ್ನು ಹಳೆಯದರ ಜೊತೆ ಹೋಲಿಸಬೇಕು. ಕ್ಷಾರದ ಜೊತೆ ಸೇರಿ ಎಣ್ಣೆ ಎಷ್ಟು ಸೋಪಾಗುತ್ತದೆ ಎನ್ನುವುದರ ಅಳತೆ ಅದು. ಕೊಬ್ಬರಿ ಎಣ್ಣೆಯಲ್ಲಿ ಅದು 250ರ ಆಸುಪಾಸು, ಖನಿಜ ತೈಲ ಸೋಪೇ ಆಗುವುದಿಲ್ಲ. ಹಾಗಾಗಿ ಬೆರೆಸಿದಷ್ಟೂ ಅಂಕಿ ಕೆಳಗಿಳಿಯುತ್ತದೆ.

ಆಕೆ ಎಲ್‌ಎಲ್‌ಪಿ ಬೇಡ ಅಂದರು, 68 ರೂಪಾಯಿ 50 ಪೈಸೆಗೆ ಒಪ್ಪಂದವಾಯಿತು. ಸ್ಯಾಂಪಲ್ ಸೋರಿಕೆ ಸೇರಿಸಿದರೆ ಬಾಟಲಿಗೆ ಒಂಬತ್ತು ರೂಪಾಯಿ ಹೆಚ್ಚು. ಒಂಬತ್ತು ಏರಿದರೆ ಎಂಆರ್‌ಪಿಯಲ್ಲೂ ಒಂಬತ್ತು ಏರಿಸಿದರೆ ಸಾಲದು, ಏಕೆಂದರೆ ಏರಿಸಿದ ಪ್ರತಿ ರೂಪಾಯಿಯಲ್ಲೂ ಪಾರ್ಲರಿನವರ ಶೇ 40 ಮತ್ತು ಜಿಎಸ್‌ಟಿ ಹೋಗಿ ನಮಗೆ ಬರುವುದು 57 ಪೈಸೆ. ಒಂಬತ್ತು ರೂಪಾಯಿ ಕೈಗೆ ಬರಬೇಕಾದರೆ ಎಂಆರ್‌ಪಿ ಹದಿನಾರು ಏರಬೇಕು. 199 ಹೋಗಿ 215. ಇನ್ನೂರು ದಾಟಿದರೆ ಜನ ಹಿಂದೆ ಸರಿಯುತ್ತಾರೆ ಎಂದು ಆಕೆಗೆ ಎರಡು ದಿನ ನಿದ್ದೆ ಬರಲಿಲ್ಲವಂತೆ. 199ಕ್ಕೇ ಇಟ್ಟು ಬಾಟಲಿಯನ್ನು 90 ಮಿಲಿ ಮಾಡಿದರೆ ಹೇಗೆ ಎಂದೂ ಯೋಚಿಸಿದರು. ಅದೇ ಬಾಟಲಿಯಲ್ಲಿ ಕತ್ತಿನ ಕೆಳಗೆ ಎರಡು ಬೆರಳು ಖಾಲಿ ಕಾಣುತ್ತದೆ ಎಂದು ತುಂಬಿಸಿ ನೋಡಿ ಕೈಬಿಟ್ಟರು.

ಹೋದ ತಿಂಗಳು ಆ ಕಡೆ ಹೋದಾಗ ಪಾರ್ಲರಿನ ಕನ್ನಡಿಯ ಕೆಳಗಿನ ಗೂಡಿನಲ್ಲಿ ಎರಡು ಸಾಲು ಬಾಟಲಿಗಳಿದ್ದವು. ಹಿಂದಿನ ಸಾಲು ಹೊಸ ಬ್ಯಾಚ್, ಇಂಕ್‌ಜೆಟ್‌ನಲ್ಲಿ 215. ಮುಂದಿನ ಸಾಲಿನಲ್ಲಿ ಹಳೆಯ ಬ್ಯಾಚಿನ ಹದಿನಾಲ್ಕು ಬಾಟಲಿ ಉಳಿದಿದ್ದವು, ಅವುಗಳ ಮೇಲೆ 199. ಒಬ್ಬ ಹೆಂಗಸು ಎರಡನ್ನೂ ತಿರುಗಿಸಿ ನೋಡಿ, ಹಳೆಯದರಲ್ಲಿ ಮೂರು ಬಾಟಲಿ ಒಟ್ಟಿಗೆ ಕೊಡಿ ಅಂದಳು.